ಎಸ್‌ಪಿಎಫ್ 50 ಹಚ್ಚಿದರೂ ಬಂಗು ಯಾಕೆ ಹಾಗೇ ಇದೆ?

ಪ್ರಶ್ನೆ: ಮೇಡಂ, ನಾನು ಸಿರುಗುಪ್ಪ ಹತ್ತಿರದ ಹಳ್ಳಿ ಶಾಲೆಯಲ್ಲಿ ಟೀಚರ್. ವಯಸ್ಸು 36, ಮೈಬಣ್ಣ ಕಪ್ಪು. ದಿನಾ ಸ್ಕೂಟಿಯಲ್ಲಿ ಹೋಗೋಕೆ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ. ಎರಡೂ ಕೆನ್ನೆ ಮೇಲೆ ಬಂಗು ಇದೆ. ಮೆಡಿಕಲ್ ಶಾಪಲ್ಲಿ ಕೊಟ್ಟ ಎಸ್‌ಪಿಎಫ್ 50 ಕ್ರೀಮ್ ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಹಚ್ತಿದ್ದೀನಿ, 50 ಗ್ರಾಂ ಟ್ಯೂಬ್ ಈಗ ಖಾಲಿ ಆಗ್ತಾ ಬಂತು. ಮುಖ ಬೂದಿ ಬಳಿದ ಹಾಗೆ ಕಾಣುತ್ತೆ, ಬೆವರಿಗೆ ಇಳಿದು ಕಣ್ಣು ಉರಿಯುತ್ತೆ, ಬಂಗು ಮಾತ್ರ ಹಾಗೇ ಇದೆ. ನಮ್ಮತ್ತೆ "ಕಪ್ಪು ಮೈಗೆ ಇದೆಲ್ಲ ಯಾಕವ್ವಾ" ಅಂತಾರೆ. ಟ್ಯೂಬಿನ ಎರಡೂ ಕಡೆ ಫೋಟೋ ಕಳಿಸಿದ್ದೀನಿ. ಮುಂದೆ ಯಾವ ಥರದ್ದು ತಗೊಳ್ಳಲಿ, ಹಿಂದಿನ ಸಣ್ಣಕ್ಷರ ಹೇಗೆ ಓದಲಿ?

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಕಪ್ಪು ಚರ್ಮದಲ್ಲಿರುವ ಮೆಲನಿನ್ ಬಣ್ಣ ಬಿಸಿಲಿನ ಒಂದಷ್ಟು ಭಾಗವನ್ನು ತಾನೇ ನುಂಗಿಕೊಳ್ಳುತ್ತದೆ. ಅದಕ್ಕೇ ಬಿಳಿಯರ ಹಾಗೆ ನಮ್ಮ ಮುಖ ಒಂದು ತಾಸಿನ ಬಿಸಿಲಿಗೆ ಕೆಂಪಾಗಿ ಸಿಪ್ಪೆ ಸುಲಿಯುವುದಿಲ್ಲ. ಆದರೆ ಬಣ್ಣ ಮಾಡುವ ಆ ಜೀವಕೋಶಗಳು ನಮ್ಮಲ್ಲಿ ತುಂಬಾ ಚುರುಕು. ಸ್ವಲ್ಪ ಕೆಣಕಿದರೂ ಬಣ್ಣ ಸುರಿಯುತ್ತವೆ. ಮೊಡವೆ ಒಡೆದ ಜಾಗ ತಿಂಗಳುಗಟ್ಟಲೆ ಕಪ್ಪಾಗೇ ಉಳಿಯುತ್ತೆ ಅಲ್ವಾ, ಅದೇ ಗುಣ. ಅಂದರೆ ನಮಗೆ ಬಿಸಿಲಿನಿಂದ ಆಗುವ ಮುಖ್ಯ ತೊಂದರೆ ಸುಡುವುದಲ್ಲ, ಕಲೆ ಬೀಳುವುದು. ಸನ್‌ಸ್ಕ್ರೀನ್ ಆರಿಸುವಾಗ ಈ ವ್ಯತ್ಯಾಸ ಮರೆತರೆ ದುಡ್ಡು ದಂಡ. ಯಾಕೆಂದರೆ ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಅಂಕಿ ಸುಡುವುದರ ಬಗ್ಗೆ ಹೇಳುತ್ತದೆ, ಕಲೆಯ ಬಗ್ಗೆ ಅಲ್ಲ.

ಎಸ್‌ಪಿಎಫ್ ಅಳೆಯುವುದು ಹೀಗೆ. ಬೇಗ ಕೆಂಪಾಗುವ ತಿಳಿ ಚರ್ಮದವರ ಬೆನ್ನಿನ ಮೇಲೆ ಕ್ರೀಮ್ ಹಚ್ಚಿ, ದೀಪದ ಬೆಳಕು ಬಿಟ್ಟು, ಚರ್ಮ ಕೆಂಪಾಗಲು ಎಷ್ಟು ಪಟ್ಟು ಜಾಸ್ತಿ ಬೆಳಕು ಬೇಕಾಯಿತು ಅಂತ ನೋಡುತ್ತಾರೆ. ಕೆಂಪಾಗಿಸುವುದು ಹೆಚ್ಚಾಗಿ ಯುವಿಬಿ ಅನ್ನುವ ಕಿರಣ. ಅದರಲ್ಲಿ ಎಸ್‌ಪಿಎಫ್ 30 ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ, 50 ಸುಮಾರು 98 ಭಾಗ. 30ಕ್ಕೂ 50ಕ್ಕೂ ಇರುವ ಅಂತರ ಇಷ್ಟೇ, ಜಾಹೀರಾತು ನೋಡಿದರೆ ಆಕಾಶ ಭೂಮಿ ಅನಿಸುತ್ತೆ. ನಿಮಗೆ 30ಕ್ಕಿಂತ ಕಮ್ಮಿ ಬೇಡ, 50 ಇದ್ದರೆ ಒಳ್ಳೆಯದು, ಅದಕ್ಕೂ ಮೇಲಿನ ಅಂಕಿಗೆ ಹೆಚ್ಚಿಗೆ ದುಡ್ಡು ಕೊಡಬೇಡಿ.

ಅದರ ಪಕ್ಕದಲ್ಲಿ ಪಿಎ ಅಂತ ಬರೆದು ಪ್ಲಸ್ ಗುರುತು ಹಾಕಿರುತ್ತಾರೆ. ನಮ್ಮ ಕೆಲಸಕ್ಕೆ ಬರುವುದು ಅದು. ಇದು ಜಪಾನಿನಿಂದ ಬಂದ ಅಳತೆ. ಇಲ್ಲಿ ನೋಡುವುದು ಚರ್ಮ ಕೆಂಪಾಗುವುದನ್ನಲ್ಲ, ಕಪ್ಪಾಗುವುದನ್ನು. ಯುವಿಎ ಅನ್ನುವ ಕಿರಣ ಬಿಟ್ಟು, ಎರಡು ಮೂರು ತಾಸಾದ ಮೇಲೂ ಉಳಿಯುವ ಕಪ್ಪು ಬಣ್ಣವನ್ನು ಲೆಕ್ಕ ಹಾಕುತ್ತಾರೆ. ಎರಡು ಪ್ಲಸ್ ಅಂದರೆ 4ರಿಂದ 8 ಪಟ್ಟು ರಕ್ಷಣೆ, ಮೂರು ಪ್ಲಸ್ ಅಂದರೆ 8ರಿಂದ 16, ನಾಲ್ಕು ಪ್ಲಸ್ ಅಂದರೆ 16 ಅಥವಾ ಅದಕ್ಕಿಂತ ಜಾಸ್ತಿ. ನಿಮ್ಮ ಟ್ಯೂಬಿನ ಮುಂದೆ ಎಸ್‌ಪಿಎಫ್ 50 ಅಂತ ಹೆಬ್ಬೆರಳಿನಷ್ಟು ದೊಡ್ಡದಾಗಿದೆ, ಪಿಎ ಪಕ್ಕ ಎರಡೇ ಪ್ಲಸ್. ಬಂಗು ಇರುವವರಿಗೆ ಅದು ಸಾಲದು. ಮೂರಾದರೂ ಇರಲಿ, ಸಿಕ್ಕರೆ ನಾಲ್ಕು.

ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬಿಸಿಲು ಅಷ್ಟೇನೂ ಇರಲ್ಲ ಅಂತ ನಿಮಗೆ ಅನಿಸಬಹುದು. ಯುವಿಬಿ ನೆತ್ತಿ ಮೇಲೆ ಸೂರ್ಯ ಇದ್ದಾಗ ಜೋರು, ಬೆಳಿಗ್ಗೆ ಸಂಜೆ ತೀರಾ ಕಮ್ಮಿ. ಯುವಿಎ ಹಾಗಲ್ಲ, ಬೆಳಿಗ್ಗೆಯಿಂದ ಸಂಜೆವರೆಗೂ ಸಾಕಷ್ಟು ಇರುತ್ತದೆ, ಮೋಡದಲ್ಲೂ ತೂರಿ ಬರುತ್ತದೆ, ಬಸ್ಸಿನ ಕಿಟಕಿ ಗಾಜನ್ನೂ ದಾಟುತ್ತದೆ. ಮಳೆಗಾಲ ಅಂತ ಕ್ರೀಮ್ ಬಿಟ್ಟವರ ಬಂಗು ಸೆಪ್ಟೆಂಬರ್‌ನಲ್ಲಿ ಮತ್ತೆ ಕಪ್ಪಾಗಿ ಬರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಈಗ ಮೂರನೆಯದು. ಇದಕ್ಕೆ ಟ್ಯೂಬಿನ ಮೇಲೆ ಯಾವ ಅಂಕಿಯೂ ಇರುವುದಿಲ್ಲ, ಬಹಳ ಜನಕ್ಕೆ ಇದು ಗೊತ್ತೂ ಇಲ್ಲ. ಬರೀ ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ನೇರಳೆ ಭಾಗ, ಕಪ್ಪು ಚರ್ಮವನ್ನು ಇನ್ನೂ ಕಪ್ಪು ಮಾಡುತ್ತದೆ. 2010ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನ ಚರ್ಮವೈದ್ಯರು ಇದನ್ನು ಮಾಡಿ ತೋರಿಸಿದರು. ಕಂದು ಮತ್ತು ಕಪ್ಪು ಚರ್ಮದವರ ಮೇಲೆ ಕಾಣುವ ಬೆಳಕು ಬಿಟ್ಟಾಗ ಬಿದ್ದ ಕಪ್ಪು, ಯುವಿಎಯಿಂದ ಬಿದ್ದದ್ದಕ್ಕಿಂತ ಗಾಢವಾಗಿತ್ತು, ಎರಡು ವಾರ ಕಳೆದರೂ ಹೋಗಲಿಲ್ಲ. ಬಿಳಿ ಚರ್ಮದವರ ಮೇಲೆ ಅದೇ ಬೆಳಕು ಕಲೆ ಮಾಡಲಿಲ್ಲ. ಈ ತೊಂದರೆ ನಮ್ಮಂಥವರದ್ದೇ. ಬಿಳಿ ಚರ್ಮ ನೋಡಿಕೊಂಡು ಮಾಡಿದ ಅಳತೆಗಳಲ್ಲಿ ಇದಕ್ಕೆ ಜಾಗ ಇಲ್ಲದಿರುವುದು ಅದಕ್ಕೇ.

ಮುಖದ ಮೇಲೆ ಹಚ್ಚಿದ ತಕ್ಷಣ ಮಾಯವಾಗುವ ಕ್ರೀಮುಗಳನ್ನು ಎಲ್ಲರೂ ಹುಡುಕುತ್ತಾರೆ. ಬೂದಿ ಕಾಣಬಾರದು ಅಲ್ವಾ. ಆದರೆ ಸ್ವಲ್ಪ ಯೋಚಿಸಿ. ಕ್ರೀಮಿನ ಮೂಲಕ ನಿಮ್ಮ ಚರ್ಮ ನಮಗೆ ಪೂರ್ತಿ ಕಾಣುತ್ತಿದೆ ಅಂದರೆ ಬೆಳಕು ಆ ಕ್ರೀಮನ್ನು ದಾಟಿ ಒಳಗೆ ಹೋಗಿ ವಾಪಸ್ ಬರುತ್ತಿದೆ ಅಂತ ಅರ್ಥ. ಗಾಜಿನ ಥರ ಇರುವ ಕ್ರೀಮ್ ಎಸ್‌ಪಿಎಫ್ 50 ಇದ್ದರೂ, ನಾಲ್ಕು ಪ್ಲಸ್ ಇದ್ದರೂ, ಕಾಣುವ ಬೆಳಕನ್ನು ತಡೆಯುವುದಿಲ್ಲ. ಅದನ್ನು ತಡೆಯಬೇಕಾದರೆ ಬಣ್ಣ ಇರಲೇಬೇಕು.

ಆ ಬಣ್ಣ ಯಾವುದು ಗೊತ್ತಾ? ನಮ್ಮ ಸಂಡೂರಿನ ಗುಡ್ಡದಲ್ಲಿ ಇರುವುದೇ. ಐರನ್ ಆಕ್ಸೈಡ್. ಲಾರಿಗಳು ಹೋದ ರಸ್ತೆ ಪಕ್ಕದ ಗಿಡದ ಎಲೆ ಮೇಲೆ ಕೂರುತ್ತಲ್ಲ ಕೆಂಪು ದೂಳು, ರಸಾಯನದ ಲೆಕ್ಕದಲ್ಲಿ ಕೆಂಪು ಐರನ್ ಆಕ್ಸೈಡ್ ಅದರ ಮುಖ್ಯ ಭಾಗವೇ. ಹಾಗಂತ ಮಣ್ಣು ತಂದು ಮುಖಕ್ಕೆ ಬಳಿಯಬೇಡಿ ಮತ್ತೆ! ಕ್ರೀಮಿಗೆ ಹಾಕುವುದನ್ನು ಬೇರೆ ಲೋಹ ಇಲ್ಲದ ಹಾಗೆ ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ, ಕೆಂಪು, ಹಳದಿ, ಕಪ್ಪು ಮೂರನ್ನೂ ಬೆರೆಸಿ ಮೈಬಣ್ಣಕ್ಕೆ ಹೊಂದಿಸುತ್ತಾರೆ. 2014ರಲ್ಲಿ ಮೆಕ್ಸಿಕೊದಲ್ಲಿ ಬಂಗು ಇದ್ದವರನ್ನು ಎರಡು ಗುಂಪು ಮಾಡಿ ಎಲ್ಲರಿಗೂ ಒಂದೇ ಔಷಧಿ ಕೊಟ್ಟರು. ಒಂದು ಗುಂಪಿಗೆ ಬರೀ ಯುವಿ ತಡೆಯುವ ಸನ್‌ಸ್ಕ್ರೀನ್, ಇನ್ನೊಂದಕ್ಕೆ ಐರನ್ ಆಕ್ಸೈಡ್ ಸೇರಿಸಿದ್ದು. ಎಂಟು ವಾರಕ್ಕೆ ಎರಡನೇ ಗುಂಪಿನ ಬಂಗು ಜಾಸ್ತಿ ತಿಳಿಯಾಗಿತ್ತು.

ಇನ್ನು ನಿಮ್ಮ ಟ್ಯೂಬಿನ ಹಿಂಭಾಗ ಓದೋಣ. ಈ ಪಟ್ಟಿಗೆ ಒಂದು ಕ್ರಮ ಇದೆ. ಜಾಸ್ತಿ ಇರುವುದು ಮೊದಲು, ಕಮ್ಮಿ ಇರುವುದು ಆಮೇಲೆ. ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ ಇರುವವನ್ನು ಹೇಗೆ ಬೇಕಾದರೂ ಬರೆಯಬಹುದು, ಬಣ್ಣಗಳನ್ನು ಸಾಮಾನ್ಯವಾಗಿ ಕೊನೆಗೆ ಹಾಕುತ್ತಾರೆ. ನಿಮ್ಮದರಲ್ಲಿ ಮೊದಲು ನೀರು. ಎರಡನೆಯದು ಈಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನಮೇಟ್, ಇದು ಯುವಿಬಿ ತಡೆಯುವ ಹಳೇ ಅಗ್ಗದ ಪದಾರ್ಥ. ಮೂರನೆಯದು ಟೈಟಾನಿಯಂ ಡೈಆಕ್ಸೈಡ್. ಮನೆಗೆ ಹಚ್ಚುವ ಬಿಳಿ ಪೇಂಟಿನಲ್ಲಿ ಇರುವುದೂ ಇದೇ, ನಿಮ್ಮ ಮುಖದ ಬೂದಿಗೆ ಕಾರಣ ಇದೇ. ಆಮೇಲೆ ಗ್ಲಿಸರಿನ್, ಸ್ಟಿಯರಿಕ್ ಆಸಿಡ್, ಮಿನರಲ್ ಆಯಿಲ್. ತುಂಬಾ ಕೆಳಗೆ ಬ್ಯುಟೈಲ್ ಮೆಥಾಕ್ಸಿಡೈಬೆನ್ಝಾಯ್ಲ್‌ಮೀಥೇನ್, ಕೊನೆಗೆ ಪರ್ಫ್ಯೂಮ್.

ಆ ಬಾಯಿ ತಿರುಗದ ಬ್ಯುಟೈಲ್ ಹೆಸರಿನದಕ್ಕೆ ಎಲ್ಲರೂ ಕರೆಯುವ ಹೆಸರು ಅವೊಬೆನ್ಝೋನ್. ಈ ಟ್ಯೂಬಿನಲ್ಲಿ ಯುವಿಎ ತಡೆಯಬೇಕಾದ ಮುಖ್ಯ ಆಳು ಅದೇ. ಅದರ ಒಂದು ದೌರ್ಬಲ್ಯ ಏನೆಂದರೆ ಬಿಸಿಲಿಗೆ ತಾನೇ ಒಡೆದುಹೋಗುತ್ತದೆ. ಜೊತೆಗೆ ಆಕ್ಟೋಕ್ರಿಲೀನ್ ಥರದ ಇನ್ನೊಂದು ಪದಾರ್ಥ ಇದ್ದರೆ ತಡೆದು ನಿಲ್ಲುತ್ತದೆ. ನಿಮ್ಮದರಲ್ಲಿ ಅಂಥದ್ದು ಯಾವುದೂ ಇಲ್ಲ. ಮೇಲಾಗಿ ಎರಡನೇ ಸಾಲಿನ ಸಿನಮೇಟ್ ಜೊತೆ ಬಿಸಿಲಲ್ಲಿ ಸೇರಿದರೆ ಎರಡೂ ಒಂದನ್ನೊಂದು ಬೇಗ ಹಾಳು ಮಾಡುತ್ತವೆ. ಅಂದರೆ ಯುವಿಎ ತಡೆಯುವ ಆಳು ಕಮ್ಮಿ, ಅವನೂ ದಾರಿಯಲ್ಲೇ ಸುಸ್ತಾಗುತ್ತಾನೆ. ಐರನ್ ಆಕ್ಸೈಡ್ ಅಂತೂ ಇಲ್ಲವೇ ಇಲ್ಲ. ಹೀಗಾಗಿ ಬಂಗು ಹಾಗೇ ಇರುವುದು ಆಶ್ಚರ್ಯ ಅಲ್ಲ. (ಅವೊಬೆನ್ಝೋನ್ ಇರುವ ಕ್ರೀಮಿಗೆ ಇನ್ನೊಂದು ಗುರುತಿದೆ. ಕಬ್ಬಿಣಾಂಶ ಇರುವ ಬೋರ್ ನೀರಲ್ಲಿ ಬಟ್ಟೆ ಒಗೆದರೆ ಬಿಳಿ ಬಟ್ಟೆಯ ಕಾಲರ್ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಅದು ಬೆವರಿನ ಕಲೆ ಅಂತ ಜನ ಬೈಕೊಂಡು ತಿಕ್ಕುತ್ತಾರೆ.)

ಹಾಗಾದರೆ ಹೊಸದರಲ್ಲಿ ಏನು ಹುಡುಕಬೇಕು? ಪಟ್ಟಿಯ ಮೊದಲ ಅರ್ಧದಲ್ಲಿ ಬಿಸಿಲಿಗೆ ಒಡೆಯದ ಒಂದು ಯುವಿಎ ಪದಾರ್ಥ ಇರಬೇಕು. ಝಿಂಕ್ ಆಕ್ಸೈಡ್ ಆದರೂ ಸರಿ. ಇಲ್ಲವಾದರೆ ಎರಡು ಉದ್ದ ಹೆಸರು ನೆನಪಿಟ್ಟುಕೊಳ್ಳಿ. ಒಂದು "ಬಿಸ್" ಅಂತ ಶುರುವಾಗಿ "ಟ್ರಯಝಿನ್" ಅಂತ ಮುಗಿಯುತ್ತದೆ. ಇನ್ನೊಂದು "ಡೈಈಥೈಲಮಿನೋ" ಅಂತ ಶುರುವಾಗಿ "ಹೆಕ್ಸೈಲ್ ಬೆನ್ಝೋಯೇಟ್" ಅಂತ ಮುಗಿಯುತ್ತದೆ. ನಡುವಿನದ್ದು ಓದಲು ಹೋಗಬೇಡಿ, ತಲೆ ಕೆಡುತ್ತೆ. ಈ ಎರಡರಿಂದ ಬೂದಿಯೂ ಬರುವುದಿಲ್ಲ. ಆಮೇಲೆ ಪಟ್ಟಿಯ ಕೊನೆಗೆ ಹೋಗಿ. ಅಲ್ಲಿ ಐರನ್ ಆಕ್ಸೈಡ್ಸ್ ಅಂತಲೋ, ಸಿಐ 77491, 77492, 77499 ಅಂತಲೋ ಇರಬೇಕು. ಕೆಂಪು, ಹಳದಿ, ಕಪ್ಪು ಆಕ್ಸೈಡಿನ ನಂಬರ್ ಅವು. ಸಿಐ 77891 ಮಾತ್ರ ಇದ್ದರೆ ಮೋಸ ಹೋಗಬೇಡಿ, ಅದು ಟೈಟಾನಿಯಂ, ಬಿಳಿ ಬಣ್ಣ.

ಐರನ್ ಆಕ್ಸೈಡ್ ಎಷ್ಟಿದೆ ಅಂತ ಪಟ್ಟಿ ಹೇಳುವುದಿಲ್ಲ. ಅದನ್ನು ಕಣ್ಣಲ್ಲೇ ಅಳೆಯಬೇಕು. ಕಾಳಿನಷ್ಟು ದವಡೆಯ ಅಂಚಿಗೆ ಹಚ್ಚಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬಂದು ಹಗಲ ಬೆಳಕಲ್ಲಿ ನೋಡಿ. ಕಲೆಯ ಮೇಲೆ ತೆಳುವಾಗಿ ಪೌಡರ್ ಮುಚ್ಚಿದ ಹಾಗೆ ಕಂಡರೆ ಕೆಲಸ ಮಾಡುವಷ್ಟಿದೆ. ಗುಲಾಬಿ ಛಾಯೆಯ ನೀರಿನಂತೆ ಹರಡಿ ಮಾಯವಾದರೆ ಹೆಸರಿಗಷ್ಟೇ ಹಾಕಿದ್ದಾರೆ. ತೊಂದರೆ ಏನೆಂದರೆ, ಬಣ್ಣದ ಸನ್‌ಸ್ಕ್ರೀನುಗಳಲ್ಲಿ ಹೆಚ್ಚಿನವು ಗೋಧಿ ಬಣ್ಣಕ್ಕೆ ಮಾಡಿದವು, ನಿಮ್ಮ ಬಣ್ಣಕ್ಕೆ ಸಿಗುವುದು ಕಷ್ಟ. ಸಿಗಲಿಲ್ಲ ಅಂದರೆ ಹೀಗೆ ಮಾಡಿ. ಕೆಳಗೆ ಬೂದಿ ಬರದ ಸಾಧಾರಣ ಸನ್‌ಸ್ಕ್ರೀನ್ ಪೂರ್ತಿ ಅಳತೆಗೆ ಹಚ್ಚಿ. ಅದು ಒಣಗಿದ ಮೇಲೆ ನಿಮ್ಮ ಬಣ್ಣಕ್ಕೆ ಹೊಂದುವ ಫೌಂಡೇಶನ್ ಅಥವಾ ಕಾಂಪ್ಯಾಕ್ಟ್ ಹಾಕಿ, ಅದರ ಡಬ್ಬಿ ಹಿಂದೆ ಆ ಮೂರು ನಂಬರ್ ಇದ್ದರಾಯಿತು. ಕಪ್ಪು ಬಣ್ಣಕ್ಕೆ ಇವು ಸನ್‌ಸ್ಕ್ರೀನಿಗಿಂತ ಸುಲಭವಾಗಿ ಸಿಗುತ್ತವೆ. ಎರಡನ್ನೂ ಅಂಗೈಯಲ್ಲಿ ಕಲಸಿ ಮಾತ್ರ ಹಚ್ಚಬೇಡಿ, ಸನ್‌ಸ್ಕ್ರೀನಿನ ಪದರ ತೆಳುವಾಗಿ ಒಡೆದುಹೋಗುತ್ತೆ.

ಅಳತೆ ಅಂದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎದ್ದು ಕಂಡಿದ್ದು 50 ಗ್ರಾಂ ಟ್ಯೂಬ್ ಮೂರು ತಿಂಗಳು ಬಂದಿರುವುದು. ಲೆಕ್ಕ ಹಾಕಿ. 90 ದಿನಕ್ಕೆ 50 ಗ್ರಾಂ ಅಂದರೆ ದಿನಕ್ಕೆ ಅರ್ಧ ಗ್ರಾಮಿಗಿಂತ ಚೂರು ಜಾಸ್ತಿ. ಪರೀಕ್ಷೆ ಮಾಡುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ, ಆ ಲೆಕ್ಕಕ್ಕೆ ಮುಖಕ್ಕೇ ಒಂದು ಗ್ರಾಮಿಗಿಂತ ಜಾಸ್ತಿ ಬೇಕು, ಕುತ್ತಿಗೆ ಬೇರೆ. ನೀವು ಹಚ್ಚುತ್ತಿರುವುದು ಅರ್ಧಕ್ಕಿಂತ ಕಮ್ಮಿ. ಹಾಗೆ ಹಚ್ಚಿದಾಗ 50ರ ಜಾಗದಲ್ಲಿ 25 ಕೂಡ ಸಿಗುವ ಖಾತ್ರಿ ಇಲ್ಲ, ಪಿಎಯೂ ಅದೇ ರೀತಿ ಇಳಿಯುತ್ತದೆ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿವರೆಗೆ ಗೆರೆ ಎಳೆದ ಹಾಗೆ ಕ್ರೀಮ್ ಹಿಂಡಿ. ಒಂದು ಹೊತ್ತಿಗೆ ಮುಖ, ಕಿವಿ, ಕುತ್ತಿಗೆಗೆ ಅಷ್ಟು ಬೇಕು. ಒಮ್ಮೆಲೇ ಹಚ್ಚಿದರೆ ಜಿಗುಟು ಅನಿಸುತ್ತೆ. ಒಂದು ಬೆರಳಿನದ್ದು ಹಚ್ಚಿ, ಜಡೆ ಹಾಕಿಕೊಂಡು ಬಂದು ಇನ್ನೊಂದು ಬೆರಳಿನದ್ದು ಹಚ್ಚಿ. ದಿನಕ್ಕೆ ಎರಡು ಸಲ ಈ ಅಳತೆಗೆ ಹಚ್ಚಿದರೆ 50 ಗ್ರಾಂ ಹೆಚ್ಚೆಂದರೆ ಮೂರು ವಾರ ಬರುತ್ತದೆ. ಆದ್ದರಿಂದ ದುಬಾರಿ ಟ್ಯೂಬ್ ತಂದು ಕಾಳಿನಷ್ಟು ಹಚ್ಚುವುದಕ್ಕಿಂತ, ಧಾರಾಳವಾಗಿ ಹಚ್ಚಲು ಕೈ ಹಿಂಜರಿಯದ ಬೆಲೆಯದ್ದನ್ನೇ ತಗೊಳ್ಳಿ ಅನ್ನುತ್ತೇನೆ.

ಬೆವರಿನ ವಿಷಯ. ನಿಮ್ಮ ದಾರಿ ನನಗೆ ಗೊತ್ತು. ಕಾಲುವೆಗೆ ನೀರು ಬಿಟ್ಟ ಮೇಲೆ ಎರಡೂ ಕಡೆ ಗದ್ದೆಯಲ್ಲಿ ನೀರು ನಿಂತಿರುತ್ತೆ, ಸೆಕೆ ಅಂದರೆ ಸೆಕೆ, ಬೆವರು ಆರುವುದೇ ಇಲ್ಲ. ಬಳ್ಳಾರಿಯ ಒಣ ಬಿಸಿಲಲ್ಲಿ ನಡೆಯುವ ಕ್ರೀಮ್ ಅಲ್ಲಿ ಜಾರಿ ಬರುತ್ತದೆ. ನಿಮ್ಮ ಈಗಿನ ಟ್ಯೂಬಿನಲ್ಲಿರುವ ಸ್ಟಿಯರಿಕ್ ಆಸಿಡ್, ಮಿನರಲ್ ಆಯಿಲ್ ಚಳಿಗಾಲದ ಒಣ ಚರ್ಮಕ್ಕೆ ಸರಿ, ಈ ಸೆಕೆಗೆ ಭಾರ. ಜೆಲ್ ಅಥವಾ ತೆಳು ಲೋಷನ್ ನೋಡಿ. ವಾಟರ್ ರೆಸಿಸ್ಟೆಂಟ್ ಅಂತ ಬರೆದು 40 ಅಥವಾ 80 ನಿಮಿಷ ಅಂತ ಇದ್ದರೆ, ಅಷ್ಟು ಹೊತ್ತು ನೀರಲ್ಲಿದ್ದ ಮೇಲೂ ಬರೆದಷ್ಟು ಎಸ್‌ಪಿಎಫ್ ಉಳಿದಿತ್ತು ಅಂತ ಅರ್ಥ. ದಿನವಿಡೀ ಉಳಿಯುತ್ತೆ ಅಂತಲ್ಲ. ಮನೆ ಬಿಡುವ 15 ನಿಮಿಷ ಮುಂಚೆ, ಫ್ಯಾನ್ ಕೆಳಗೆ ಕೂತು, ಬೆವರಿಲ್ಲದ ಮುಖಕ್ಕೆ ಹಚ್ಚಿ. ಒದ್ದೆ ಮುಖಕ್ಕೆ ಹಚ್ಚಿದ್ದು ಹಿಡಿಯುವುದೇ ಇಲ್ಲ. ದಾರಿಯಲ್ಲಿ ಬೆವರಾದರೆ ಕರವಸ್ತ್ರ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಕಣ್ಣುರಿಗೆ ಹಣೆಯ ಕ್ರೀಮೇ ಕಾರಣ ಸಾಮಾನ್ಯವಾಗಿ. ಹುಬ್ಬಿನ ಮೇಲಕ್ಕೆ ಒಂದು ಬೆರಳು ಜಾಗ ಬಿಟ್ಟು ಹಚ್ಚಿ, ಕಣ್ರೆಪ್ಪೆಗೆ ಬೇಡವೇ ಬೇಡ. ಬಿಟ್ಟ ಜಾಗಕ್ಕೆ ಬರೀ ಝಿಂಕ್ ಆಕ್ಸೈಡ್ ಇರುವ ಸ್ಟಿಕ್ ಸಿಕ್ಕರೆ ಎಳೆದುಕೊಳ್ಳಿ, ಅದು ಅಷ್ಟಾಗಿ ಇಳಿಯುವುದಿಲ್ಲ, ಇಳಿದರೂ ಉರಿ ಕಮ್ಮಿ.

ಎರಡು ತಾಸಿಗೊಮ್ಮೆ ಹಚ್ಚಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಹೊರಗೆ ಬಿಸಿಲಲ್ಲೇ ಇರುವವರಿಗೆ. ನೀವು ತರಗತಿಯೊಳಗೆ ಇರುತ್ತೀರಿ, ಪಾಠದ ಮಧ್ಯೆ ಎದ್ದು ಹಚ್ಚಬೇಕಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಹೊರಡುವ ಮುಂಚೆ ಮುಖ ತೊಳೆದು ಒರೆಸಿ ಒಮ್ಮೆ. ಮೈದಾನದಲ್ಲಿ ಆಟದ ಪೀರಿಯಡ್ ಇದ್ದ ದಿನ ಅದಕ್ಕೂ ಮುಂಚೆ ಒಮ್ಮೆ. ಸ್ಕೂಟಿ ಮೇಲೆ ಒತ್ತು ನೇಯ್ಗೆಯ ದುಪ್ಪಟ್ಟಾ ಕಟ್ಟಿಕೊಳ್ಳುವುದನ್ನು ಬಿಡಬೇಡಿ. ಅದು ಮೂರೂ ಬೆಳಕನ್ನು ತಡೆಯುತ್ತದೆ, ಅದಕ್ಕೆ ಪ್ಲಸ್ಸೂ ಬೇಡ ನಂಬರ್ರೂ ಬೇಡ.

ಪರ್ಫ್ಯೂಮ್ ಬಗ್ಗೆ ಎರಡು ಮಾತು. ವಾಸನೆ ಪದಾರ್ಥ ಎಲ್ಲರಿಗೂ ತೊಂದರೆ ಮಾಡುವುದಿಲ್ಲ. ಆದರೆ ಅಲರ್ಜಿ ಆದವರಲ್ಲಿ, ನಮ್ಮ ಚರ್ಮದಲ್ಲಿ, ಕೆಂಪಾಗದೆ ನೇರವಾಗಿ ಬೂದುಗಪ್ಪು ಕಲೆಯೇ ಬೀಳಬಹುದು. ಬಂಗು ಅಂದುಕೊಂಡು ಅದರ ಮೇಲೇ ಮತ್ತೆ ಅದೇ ಕ್ರೀಮ್ ಹಚ್ಚುತ್ತಾ ಹೋಗುತ್ತೇವೆ. ಕೆನ್ನೆ ಬಿಟ್ಟು ಹಣೆಯ ಅಂಚು, ಕಿವಿ ಮುಂದೆ, ಕುತ್ತಿಗೆಗೂ ಕಪ್ಪು ಹರಡುತ್ತಿದ್ದರೆ, ಸಣ್ಣ ತುರಿಕೆ ಇದ್ದರೆ ಈ ಅನುಮಾನ ಇಟ್ಟುಕೊಳ್ಳಿ. ಮೊದಲೇ ಕಲೆ ಇರುವ ಮುಖಕ್ಕೆ ವಾಸನೆ ಇಲ್ಲದ್ದನ್ನೇ ಆರಿಸಿ, ಹೊಸದನ್ನು ಮೊದಲು ಒಂದು ವಾರ ಮೊಣಕೈ ಒಳಮಡಿಕೆಗೆ ದಿನಾ ಎರಡು ಸಲ ಹಚ್ಚಿ ನೋಡಿ.

ಇನ್ನೊಂದು ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ಅದೇ ಅಂಗಡಿಯಲ್ಲಿ ರಾತ್ರಿ ಹಚ್ಚಲು ಬೆಳ್ಳಗಾಗುವ ಕ್ರೀಮ್ ಏನಾದರೂ ಕೊಟ್ಟಿದ್ದಾರಾ? ಅದರ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್ ಅಂತ ಇದ್ದರೆ ಅದು ಸ್ಟಿರಾಯ್ಡ್. ಮೊದಲ ತಿಂಗಳು ಮುಖ ತಿಳಿಯಾಗುತ್ತೆ, ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿ, ಕೆನ್ನೆಯಲ್ಲಿ ಸಣ್ಣ ನರ, ಕೂದಲು ಬರುತ್ತವೆ. ಅಂಥ ಮುಖಕ್ಕೆ ಯಾವ ಸನ್‌ಸ್ಕ್ರೀನ್ ಹಚ್ಚಿದರೂ ಉರಿಯುತ್ತೆ, ಜನ ಸನ್‌ಸ್ಕ್ರೀನಿಗೆ ಬೈಯುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ ಇಳಿಸಿಕೊಂಡು ಬನ್ನಿ.

ಸರಿಯಾದದ್ದನ್ನು ಸರಿಯಾದ ಅಳತೆಗೆ ಹಚ್ಚಿದರೆ ಎಂಟರಿಂದ ಹನ್ನೆರಡು ವಾರಕ್ಕೆ ಬಂಗಿನ ಅಂಚು ಮಸುಕಾಗಬೇಕು, ಹೊಸದಾಗಿ ಹರಡುವುದು ನಿಲ್ಲಬೇಕು. ಒಂದೇ ಕಿಟಕಿಯ ಹತ್ತಿರ, ಒಂದೇ ಹೊತ್ತಿಗೆ, ತಿಂಗಳಿಗೊಂದು ಫೋಟೋ ತೆಗೆದುಕೊಳ್ಳಿ. ಕನ್ನಡಿ ದಿನಾ ನೋಡಿದರೆ ಏನೂ ತಿಳಿಯಲ್ಲ. ಸನ್‌ಸ್ಕ್ರೀನ್ ಒಂದೇ ಬಂಗನ್ನು ಪೂರ್ತಿ ತೆಗೆಯುವುದಿಲ್ಲ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಅದೂ ಬಂಗನ್ನು ಹೆಚ್ಚಿಸಬಹುದು, ಡಾಕ್ಟರಿಗೆ ಹೇಳಿ. ಮೂರು ತಿಂಗಳಾದರೂ ಫೋಟೋದಲ್ಲಿ ಬದಲಾವಣೆ ಇಲ್ಲದಿದ್ದರೆ ಔಷಧಿ ಬೇಕಾಗುತ್ತದೆ, ಆಗ ಬನ್ನಿ.

ಹಾಂ, ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ. ನಾನೇ ಒಂದು ಮೇ ತಿಂಗಳು ಪೂರ್ತಿ ಹಾಗೆ ಇಟ್ಟು, ಒಂದು ದಿನ ಹಿಂಡಿದಾಗ ಮೊದಲು ನೀರು ಬಂತು, ಆಮೇಲೆ ಎಣ್ಣೆ, ಕೊನೆಗೆ ರವೆಯಂಥ ಕಾಳು. ದುಡ್ಡು ಕೊಟ್ಟಿದ್ದೀನಲ್ಲ ಅಂತ ಕಲಸಿ ಹಚ್ಚಿಕೊಂಡು ಹಳ್ಳಿಯ ಕ್ಯಾಂಪಿಗೆ ಹೋದೆ. ಸಂಜೆ ಕನ್ನಡಕ ತೆಗೆದರೆ ಮುಖದ ಮೇಲೆ ಅದರ ಅಚ್ಚು ಹಾಗೇ ಬಿದ್ದಿತ್ತು. ಶಾಲೆಗೆ ಒಯ್ಯುವ ಟ್ಯೂಬನ್ನು ಊಟದ ಚೀಲದಲ್ಲಿ, ನೀರಿನ ಬಾಟಲಿ ಪಕ್ಕ ಇಡಿ.